ಬಿಳಿ ಪಂಚೆ, ಬಿಳಿ ಗೋಡೆ: ಪವರ್‌ಪಾಯಿಂಟ್‌ನಲ್ಲಿ ಫೋಟೋದ ಹಿನ್ನೆಲೆ ತೆಗೆಯುವಾಗ

ಪ್ರಶ್ನೆ: ಸರ್, ನಾನು ಹೈಸ್ಕೂಲ್ ಶಿಕ್ಷಕಿ. ನಮ್ಮ ಹೆಡ್‌ಮಾಸ್ಟರ್ ನಿವೃತ್ತರಾಗುತ್ತಿದ್ದಾರೆ, ಬೀಳ್ಕೊಡುಗೆಗೆ ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಮಾಡುತ್ತಿದ್ದೇನೆ. ಅವರದೊಂದು ಒಳ್ಳೆಯ ಫೋಟೋ ಇದೆ. ಬಿಳಿ ಅಂಗಿ, ಜರಿ ಅಂಚಿನ ಬಿಳಿ ಪಂಚೆ, ಹೆಗಲ ಮೇಲೆ ಕೆಂಪು ಶಾಲು, ಒಂದು ಕೈ ಸೊಂಟದ ಮೇಲೆ. ಹಿಂದೆ ಶಾಲೆಯ ಸುಣ್ಣದ ಗೋಡೆ. Remove Background ಒತ್ತಿದರೆ ಮುಖ, ಶಾಲು ಸರಿಯಾಗಿ ಬರುತ್ತದೆ, ಆದರೆ ಪಂಚೆ ಅರ್ಧ ಹೋಗುತ್ತದೆ. ಉಳಿಸಬೇಕು ಅಂತ ಪಂಚೆಯ ಮೇಲೆಲ್ಲ ಗೀಚಿದರೆ ಗೋಡೆಯೂ ವಾಪಸ್ ಬರುತ್ತದೆ. ಗೋಡೆ ತೆಗೆಯಲು ಹೋದರೆ ಮತ್ತೆ ಪಂಚೆ ಮಾಯ. ಏನು ಮಾಡಲಿ?

ಉತ್ತರ: ಮೊದಲು ಪಂಚೆಯ ಮೇಲೆ ಉದ್ದಕ್ಕೆ ಗೀಚುವುದನ್ನು ನಿಲ್ಲಿಸಿ. ಈ ಹಗ್ಗಜಗ್ಗಾಟ ಶುರುವಾಗುವುದೇ ಅಲ್ಲಿಂದ. ಗುರುತು ಹಾಕುವ ಪೆನ್ಸಿಲನ್ನು ನಾವೆಲ್ಲ ರಬ್ಬರಿನ ಹಾಗೆ, ಅಂದರೆ ಎಲ್ಲಿ ತಿಕ್ಕುತ್ತೇವೋ ಅಷ್ಟು ಮಾತ್ರ ಬದಲಾಗುತ್ತದೆ ಅಂದುಕೊಂಡು ಬಳಸುತ್ತೇವೆ. ಅದು ಕೆಲಸ ಮಾಡುವ ರೀತಿ ಬೇರೆ. ಅದನ್ನು ಸ್ವಲ್ಪ ತಿಳಿದುಕೊಂಡರೆ ನಿಮ್ಮ ಫೋಟೋವನ್ನು ಬೆರಳೆಣಿಕೆಯ ಗುರುತುಗಳಲ್ಲಿ ಮುಗಿಸಬಹುದು.

ಈ ಸೌಲಭ್ಯ ಆಫೀಸ್ 2010ರಲ್ಲಿ ಬಂತು. ಅದರ ಬುಡದಲ್ಲಿರುವುದು ಮೈಕ್ರೋಸಾಫ್ಟ್‌ನ ಕೇಂಬ್ರಿಡ್ಜ್ ಸಂಶೋಧನಾ ಕೇಂದ್ರದ ಕಾರ್ಸ್ಟನ್ ರೋಥರ್, ವ್ಲಾಡಿಮಿರ್ ಕೊಲ್ಮೊಗೊರೊವ್ ಮತ್ತು ಆಂಡ್ರ್ಯೂ ಬ್ಲೇಕ್ 2004ರಲ್ಲಿ ಪ್ರಕಟಿಸಿದ ಗ್ರಾಬ್‌ಕಟ್ ಎಂಬ ವಿಧಾನ. ಅದು ಎರಡು ಸಂಗತಿಗಳನ್ನು ಒಟ್ಟಿಗೆ ನೋಡುತ್ತದೆ. ಮೊದಲನೆಯದು ಬಣ್ಣ. ಉಳಿಯಬೇಕಾದ ಭಾಗದಲ್ಲಿ ಯಾವ ಯಾವ ಬಣ್ಣಗಳಿವೆ, ಹೋಗಬೇಕಾದ ಭಾಗದಲ್ಲಿ ಯಾವುವಿವೆ ಎಂದು ಎರಡು ಲೆಕ್ಕ ಇಟ್ಟುಕೊಂಡು, ಚಿತ್ರದ ಪ್ರತಿಯೊಂದು ಚುಕ್ಕೆಯೂ ಯಾವ ಕಡೆಗೆ ಹತ್ತಿರ ಎಂದು ಅಳೆಯುತ್ತದೆ. ಎರಡನೆಯದು ಅಂಚು. ಅಕ್ಕಪಕ್ಕದ ಚುಕ್ಕೆಗಳ ನಡುವೆ ಬಣ್ಣ ಥಟ್ಟನೆ ಬದಲಾಗುವ ಕಡೆ ಕತ್ತರಿಸಲು ಅದಕ್ಕೆ ಇಷ್ಟ, ಒಂದೇ ಬಣ್ಣ ಹರಡಿರುವ ಜಾಗದ ನಡುವೆ ಕತ್ತರಿಸಲು ಇಷ್ಟವಿಲ್ಲ. ಕೆಂಪು ಶಾಲು ಯಾಕೆ ಒಂದೇ ಸಲಕ್ಕೆ ಸರಿಯಾಗಿ ಬಂತು ಎಂಬುದಕ್ಕೆ ಉತ್ತರ ಇಲ್ಲಿದೆ. ಅಲ್ಲಿ ಬಣ್ಣವೂ ಬೇರೆ, ಅಂಚೂ ಸ್ಪಷ್ಟ. ಪಂಚೆಯ ವಿಷಯದಲ್ಲಿ ಎರಡೂ ಇಲ್ಲ. ಬಿಳಿಯ ಪಕ್ಕದಲ್ಲಿ ಬಿಳಿ.

ನೀವು ಹಾಕುವ ಪ್ರತಿ ಗುರುತು ಕೂಡ ಹೀಗೇ ಎರಡು ಕೆಲಸ ಮಾಡುತ್ತದೆ. ಗೆರೆ ಬಿದ್ದ ಜಾಗ ಖಂಡಿತ ಉಳಿಯಬೇಕು ಅಥವಾ ಖಂಡಿತ ಹೋಗಬೇಕು ಎಂದು ಹೇಳುತ್ತದೆ. ಅದರ ಜೊತೆಗೆ ಆ ಗೆರೆಯ ಕೆಳಗಿರುವ ಬಣ್ಣಗಳೂ ಆಯಾ ಲೆಕ್ಕಕ್ಕೆ ಸೇರುತ್ತವೆ. ಪಂಚೆಯ ಉದ್ದಕ್ಕೂ ಗೀಚಿದಾಗ ನೀವು ಹೇಳಿದ ಹಾಗಾಯಿತು: ‘ಬಿಳಿ ಎಂದರೆ ಉಳಿಸು’. ಗೋಡೆಯೂ ಬಿಳಿ, ಅದೂ ಎದ್ದು ಬಂತು. ಗೋಡೆಯ ಮೇಲೆ ಗೀಚಿದಾಗ ‘ಬಿಳಿ ಎಂದರೆ ತೆಗೆ’ ಎಂದಾಯಿತು. ನಿಮ್ಮ ಫೋಟೋದ ಈ ಭಾಗದಲ್ಲಿ ಬಣ್ಣದಿಂದ ಏನೂ ಗಿಟ್ಟುವುದಿಲ್ಲ, ಹಾಗಾಗಿ ಅಲ್ಲಿ ಅಂಚನ್ನು ನಾವೇ ಕೊಡಬೇಕು.

ಶುರು ಮಾಡುವ ಮುನ್ನ ಫೋಟೋ ನಿಮ್ಮ ಕೈಗೆ ಹೇಗೆ ಬಂತು ಎಂದು ಕೇಳಿಕೊಳ್ಳಿ. ವಾಟ್ಸ್ಆಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಬಂದಿದ್ದರೆ ಅದು ದಾರಿಯಲ್ಲೇ ಕುಗ್ಗಿದೆ. ಜೆಪೆಗ್ ಚಿತ್ರವನ್ನು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಚೌಕಗಳಾಗಿ ಒಡೆದು ಕುಗ್ಗಿಸುವುದರಿಂದ, ಹೆಚ್ಚು ಕುಗ್ಗಿದಾಗ ಬಿಳಿಗೂ ನಸುಬಿಳಿಗೂ ಇರುವ ಸಣ್ಣ ವ್ಯತ್ಯಾಸ ಆ ಚೌಕಗಳಲ್ಲೇ ಕರಗಿಹೋಗುತ್ತದೆ. ನಿಮಗೆ ಬೇಕಾಗಿರುವುದು ಅದೇ ವ್ಯತ್ಯಾಸ. ಫೋಟೋ ತೆಗೆದವರಿಗೆ ಹೇಳಿ ಡಾಕ್ಯುಮೆಂಟ್ ಆಗಿ ಕಳಿಸಲು ಕೇಳಿ, ಆಗ ಮೂಲ ಫೈಲ್ ಹಾಗೇ ಬರುತ್ತದೆ. ಜೊತೆಗೆ, ಹೆಡ್‌ಮಾಸ್ಟರ ಸುತ್ತ ಗೋಡೆ, ಕಿಟಕಿ, ಜಗಲಿ ತುಂಬಾ ಇದ್ದರೆ ಮೊಬೈಲಿನಲ್ಲೇ ಒಂದು ಸಲ ಕತ್ತರಿಸಿ, ಅವರ ಸುತ್ತ ಸ್ವಲ್ಪ ಜಾಗ ಮಾತ್ರ ಬಿಟ್ಟು ಸ್ಲೈಡಿಗೆ ಹಾಕಿ. ಹಿನ್ನೆಲೆಯಲ್ಲಿ ಬಣ್ಣಗಳ ಸಂತೆ ಕಡಿಮೆಯಾದಷ್ಟೂ ಲೆಕ್ಕ ಸಲೀಸು.

ಈಗ ಚಿತ್ರದ ಮೇಲೆ ಕ್ಲಿಕ್ ಮಾಡಿ. ಮೇಲೆ Picture Format ಎಂಬ ಟ್ಯಾಬ್ ಬರುತ್ತದೆ, ಹಳೆಯ ಆವೃತ್ತಿಗಳಲ್ಲಿ ಬರೀ Format. ಅದರ ಎಡತುದಿಯಲ್ಲಿ Remove Background ಇದೆ. ಒತ್ತಿದ ತಕ್ಷಣ ಹೋಗಲಿರುವ ಭಾಗದ ಮೇಲೆ ಮೆಜೆಂಟಾ ಬಣ್ಣ ಹರಡುತ್ತದೆ, ಉಳಿಯುವ ಭಾಗ ತನ್ನ ಸಹಜ ಬಣ್ಣದಲ್ಲೇ ಇರುತ್ತದೆ. Background Removal ಎಂಬ ಹೊಸ ಟ್ಯಾಬ್ ತೆರೆದು ಅಲ್ಲಿ Mark Areas to Keep, Mark Areas to Remove, Discard All Changes, Keep Changes ಎಂಬ ಗುಂಡಿಗಳು ಕಾಣುತ್ತವೆ.

ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿರುವುದು 2010 ಅಥವಾ 2013ರ ಆವೃತ್ತಿಯಾದರೆ ಚಿತ್ರದ ಮೇಲೆ ಹಿಡಿಕೆಗಳಿರುವ ಒಂದು ಚೌಕಟ್ಟೂ ಬರುತ್ತದೆ. ಅನೇಕರು ಅದನ್ನು ಗಮನಿಸುವುದೇ ಇಲ್ಲ. ಅದರ ಹೊರಗಿರುವುದೆಲ್ಲ ಹಿನ್ನೆಲೆ ಎಂದು ಆ ಆವೃತ್ತಿ ಮೊದಲೇ ತೀರ್ಮಾನಿಸುತ್ತದೆ. ಚೌಕಟ್ಟಿನ ಕೆಳಗೆರೆ ಮೊಣಕಾಲಿನ ಹತ್ತಿರ ನಿಂತಿದ್ದರೆ ಪಂಚೆಯ ಕೆಳಭಾಗ ಹೋಗಿದ್ದಕ್ಕೆ ಬಣ್ಣ ಕಾರಣವೇ ಅಲ್ಲ. ಹಿಡಿಕೆಗಳನ್ನು ಎಳೆದು ತಲೆಯಿಂದ ಪಾದದವರೆಗೆ ಇಡೀ ಮನುಷ್ಯ ಒಳಗೆ ಬರುವಂತೆ, ಆದರೆ ಬಿಗಿಯಾಗಿ ಇಡಿ. ಅಲ್ಲಿ ಗುರುತುಗಳು ನೇರ ಗೆರೆಗಳು ಮಾತ್ರ, ತಪ್ಪಿದ ಗೆರೆಯನ್ನು Delete Mark ಒತ್ತಿ ಅಳಿಸಬಹುದು. ಹೊಸ ಆವೃತ್ತಿಗಳಲ್ಲಿ ಚೌಕಟ್ಟು ಇಲ್ಲ, ಪೆನ್ಸಿಲಿನಿಂದ ಹೇಗೆ ಬೇಕಾದರೂ ಗೆರೆ ಎಳೆಯಬಹುದು. ತಪ್ಪಿದ ಗೆರೆಗೆ Ctrl+Z.

ಪೆನ್ಸಿಲ್ ಹಿಡಿಯುವ ಮುಂಚೆ ಸ್ವಲ್ಪ ಹೊತ್ತು ಮೆಜೆಂಟಾವನ್ನೇ ನೋಡಿ. ನಿಮ್ಮ ಫೋಟೋದಲ್ಲಿ ಮೂರು ಬಗೆಯ ತಪ್ಪುಗಳಿರುತ್ತವೆ. ಪಂಚೆಯ ಹಾಗೆ ಉಳಿಯಬೇಕಾದದ್ದು ಹೋಗಿರುತ್ತದೆ. ಸೊಂಟದ ಮೇಲಿಟ್ಟ ಕೈಗೂ ಮೈಗೂ ನಡುವಿನ ಕಿಂಡಿಯ ಹಾಗೆ ಹೋಗಬೇಕಾದದ್ದು ಉಳಿದಿರುತ್ತದೆ, ಯಾಕೆಂದರೆ ಆ ಗೋಡೆಯ ತುಣುಕು ಸುತ್ತಲೂ ಮನುಷ್ಯನಿಂದ ಮುಚ್ಚಿಹೋಗಿದೆ. ಮೂರನೆಯದು ಅಂಗಿಯ ಕಾಲರಿನಲ್ಲೋ ಜೇಬಿನ ಹತ್ತಿರವೋ ಆಗುವ ಸಣ್ಣ ತೂತುಗಳು. ಇವನ್ನು ಸಿಕ್ಕಿದ ಕ್ರಮದಲ್ಲಿ ಸರಿಪಡಿಸಬೇಡಿ. ಸುಲಭವಾದದ್ದನ್ನು ಮೊದಲು ಮುಗಿಸಿ, ಪಂಚೆಯನ್ನು ಕೊನೆಗೆ ಇಟ್ಟುಕೊಳ್ಳಿ. ಪ್ರತಿ ಗುರುತಿನ ನಂತರವೂ ಇಡೀ ಚಿತ್ರದ ಲೆಕ್ಕ ಮತ್ತೆ ನಡೆಯುತ್ತದೆ, ಸುಲಭದ ಗುರುತುಗಳು ಕಷ್ಟದ ಜಾಗವನ್ನೂ ಕೆಲವೊಮ್ಮೆ ತಾವಾಗಿಯೇ ಸ್ವಲ್ಪ ಸರಿಮಾಡುತ್ತವೆ.

ಕೈಯ ಕಿಂಡಿಯಿಂದ ಶುರು ಮಾಡೋಣ. Mark Areas to Remove ಒತ್ತಿ, ಕಿಂಡಿಯ ನಟ್ಟನಡುವೆ ಒಂದು ಗಿಡ್ಡ ಗೆರೆ ಎಳೆಯಿರಿ. ಅಂಗಿಯನ್ನಾಗಲಿ ಕೈಯನ್ನಾಗಲಿ ಮುಟ್ಟಬೇಡಿ. ಮೌಸ್ ಬಿಟ್ಟ ಕೂಡಲೇ ಮೆಜೆಂಟಾ ಕಿಂಡಿಯ ಅಂಚಿನವರೆಗೆ ತಾನೇ ಹರಡಬೇಕು. ತೋಳಿನ ಚರ್ಮದ ಬಣ್ಣ ಬೇರೆ ಇರುವುದರಿಂದ ಆ ಕಡೆ ಸರಿಯಾಗಿ ನಿಲ್ಲುತ್ತದೆ, ಬಿಳಿ ಅಂಗಿಯ ಕಡೆ ಸ್ವಲ್ಪ ಒಳಗೆ ನುಗ್ಗಬಹುದು. ನುಗ್ಗಿದರೆ Mark Areas to Keep ತೆಗೆದುಕೊಂಡು ಅಂಗಿಯ ಆ ಜಾಗದಲ್ಲಿ ಮಡಿಕೆಯ ನೆರಳು ಬಿದ್ದಲ್ಲಿ ಒಂದು ಚಿಕ್ಕ ಗೆರೆ ಹಾಕಿ. ನೆರಳಿನ ಮೇಲೆ ಯಾಕೆ ಎಂದರೆ, ಆ ಬೂದುಬಣ್ಣ ಗೋಡೆಯಲ್ಲಿ ಇಲ್ಲ. ಉಳಿಸುವ ಲೆಕ್ಕಕ್ಕೆ ಸೇರುವ ಬಣ್ಣ ಗೋಡೆಗೆ ಹೊಂದದಿದ್ದಾಗ ಗೋಡೆ ಎದ್ದು ಬರುವುದಿಲ್ಲ. ಅಂಗಿಯ ತೂತುಗಳಿಗೂ ಇದೇ ಉಪಾಯ. ಗುಂಡಿಯ ಪಟ್ಟಿ, ಜೇಬಿನ ಹೊಲಿಗೆ, ಕಾಲರಿನ ಕೆಳಗಿನ ನೆರಳು, ಇಂಥ ಕಡೆ ಗುರುತು ಹಾಕಿ, ಫಳಫಳ ಬಿಳಿ ಇರುವಲ್ಲಿ ಬೇಡ.

ಇನ್ನು ಪಂಚೆ. ಕೆಳಗೆ ಬಲಮೂಲೆಯ ಝೂಮ್ ಪಟ್ಟಿಯನ್ನು ಎಳೆದು 300 ಅಥವಾ 400 ಪ್ರತಿಶತಕ್ಕೆ ಹಿಗ್ಗಿಸಿ, ಪಂಚೆಯ ಒಂದು ಬದಿ ಪೂರ್ತಿ ಪರದೆಗೆ ಬರಲಿ. ನಿಮಗೆ ಜರಿ ಅಂಚು ದೊಡ್ಡ ಅನುಕೂಲ. ಆ ಚಿನ್ನದ ಬಣ್ಣ ಗೋಡೆಯಲ್ಲಿ ಎಲ್ಲೂ ಇಲ್ಲ. ಅಂಚಿನ ಮೇಲೆ, ಅದರ ಅಗಲದ ಒಳಗೇ, Mark Areas to Keep ಇಂದ ಒಂದು ಗಿಡ್ಡ ಗೆರೆ ಹಾಕಿದರೆ ಅಂಚು ಉದ್ದಕ್ಕೂ ಹಿಂದಿರುಗುವ ಸಂಭವ ಹೆಚ್ಚು. ನೆರಿಗೆಗಳ ನಡುವಿನ ನೆರಳಿಗೂ ಒಂದು. ಇಷ್ಟಕ್ಕೇ ಪಂಚೆಯ ಮುಂಭಾಗ ಬಹುಪಾಲು ಬಂದಿರುತ್ತದೆ.

ಉಳಿಯುವುದು ಪಂಚೆಯ ಪಕ್ಕದ ಅಂಚು, ಅಂದರೆ ಬಿಳಿ ಬಟ್ಟೆ ನೇರವಾಗಿ ಬಿಳಿ ಗೋಡೆಗೆ ತಾಗುವ ಜಾಗ. ಇಲ್ಲಿ ಗುರುತುಗಳನ್ನು ಜೋಡಿಯಾಗಿ ಹಾಕಬೇಕು. ಬಟ್ಟೆಯ ಅಂಚು ಎಲ್ಲಿ ಎಂದು ಕಣ್ಣಿನಿಂದ ಗುರುತಿಸಿ. ಅದರ ಒಳಗೆ, ಅಂಚಿಗೆ ಸಮಾನಾಂತರವಾಗಿ, ಉಳಿಸುವ ಗೆರೆಯೊಂದು. ಅದರ ಹೊರಗೆ, ಗೋಡೆಯ ಮೇಲೆ, ಅಷ್ಟೇ ಉದ್ದದ ತೆಗೆಯುವ ಗೆರೆಯೊಂದು. ಎರಡರ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟಿರಿ. ಎರಡೂ ಗೆರೆಗಳು ಖಚಿತ ಆದೇಶಗಳಾದ್ದರಿಂದ ಕತ್ತರಿ ಅವೆರಡರ ನಡುವೆಯೇ ಹಾದುಹೋಗಬೇಕು, ಬಣ್ಣ ಏನೇ ಹೇಳಲಿ. ಒಳಗೂ ಹೊರಗೂ ಬಿಳಿ ಸಮನಾಗಿ ಸೇರುವುದರಿಂದ ಬಣ್ಣದ ಲೆಕ್ಕ ಒಂದೇ ಕಡೆಗೆ ವಾಲುವುದೂ ತಪ್ಪುತ್ತದೆ. ನೀವು ಬರೀ ಉಳಿಸುವ ಗೆರೆ ಹಾಕಿ, ಆಮೇಲೆ ಬರೀ ತೆಗೆಯುವ ಗೆರೆ ಹಾಕಿದ್ದರಿಂದಲೇ ಅದು ಅತ್ತಿತ್ತ ವಾಲಾಡಿದ್ದು. ಒಂದು ಜೋಡಿ ಮುಗಿದ ಮೇಲೆ ಸ್ವಲ್ಪ ಕೆಳಗೆ ಇನ್ನೊಂದು ಜೋಡಿ, ಹೀಗೆ ಪಾದದವರೆಗೆ. ಗೆರೆ ಉದ್ದವಾದಷ್ಟೂ ಕೈ ನಡುಗಿ ಅಂಚನ್ನು ದಾಟುವ ಅಪಾಯ ಹೆಚ್ಚು, ಆದ್ದರಿಂದ ಗಿಡ್ಡವಾಗಿಯೇ ಇರಲಿ. ಉಳಿಸುವ ಗೆರೆಯೊಂದು ಗೋಡೆಗೆ ತುದಿ ತಾಗಿಸಿದರೂ ಸಾಕು, ಆ ತುದಿಯಿಂದ ಗೋಡೆಯ ತುಂಡೊಂದು ಬಾಲದ ಹಾಗೆ ಅಂಟಿಕೊಂಡು ಬರುತ್ತದೆ.

ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಒಂದು ಗುರುತಿದೆ. ಪಂಚೆಯ ಬಳಿ ಒಂದು ಗೆರೆ ಹಾಕಿದಾಗ ದೂರದ ಭುಜದ ಹತ್ತಿರವೋ ಕಾಲರಿನಲ್ಲೋ ಏನಾದರೂ ಕೆಟ್ಟರೆ, ನಿಮ್ಮ ಗುರುತುಗಳು ಒಂದಕ್ಕೊಂದು ಎದುರಾಡಲು ಶುರುಮಾಡಿವೆ. ಅದರ ಮೇಲೆ ಇನ್ನಷ್ಟು ತೇಪೆ ಹಾಕುತ್ತ ಹೋದರೆ ಬಿಡಿಸಲಾಗದ ಗೋಜಲಾಗುತ್ತದೆ. Discard All Changes ಒತ್ತಿ, ಹೊಸದಾಗಿ, ಇನ್ನೂ ಕಡಿಮೆ ಗುರುತುಗಳಿಂದ ಮಾಡಿ. ಎರಡನೆಯ ಸಲ ಯಾವ ಜಾಗ ತೊಂದರೆ ಕೊಡುತ್ತದೆ ಎಂದು ಗೊತ್ತಿರುವುದರಿಂದ ಬೇಗ ಆಗುತ್ತದೆ.

ತಲೆಗೂದಲಿನ ಬಗ್ಗೆ ಒಂದು ಮಾತು. ನರೆತ ಕೂದಲಿನ ಹೊರ ಎಳೆಗಳನ್ನು ಒಂದೊಂದಾಗಿ ಉಳಿಸಲು ಹೋಗಬೇಡಿ. ಎಳೆಗಳ ನಡುವೆ ಗೋಡೆ ಇಣುಕುತ್ತಿರುತ್ತದೆ, ಅದನ್ನು ಬಿಡಿಸುವ ಶಕ್ತಿ ಈ ಉಪಕರಣಕ್ಕಿಲ್ಲ. ಉಳಿಸಲು ಹೋದರೆ ತಲೆಯ ಸುತ್ತ ಬಿಳಿ ಟೊಪ್ಪಿ ಹಾಕಿದಂತೆ ಕಾಣುತ್ತದೆ. ದಟ್ಟವಾದ ಕೂದಲಿನ ಗಡಿಯಲ್ಲೇ ಕತ್ತರಿಸಲು ಬಿಡಿ, ನಾಲ್ಕು ಎಳೆ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಶಾಲಿನ ಕುಚ್ಚಿಗೂ ಇದೇ ಮಾತು.

Keep Changes ಒತ್ತಿದ ಮೇಲೆ ಬಿಳಿ ಸ್ಲೈಡಿನ ಮೇಲೆ ನೋಡಿ ತೃಪ್ತಿಪಡಬೇಡಿ. ಅಲ್ಲಿ ಎಲ್ಲ ತಪ್ಪುಗಳೂ ಅಡಗಿಕೊಳ್ಳುತ್ತವೆ. ಸ್ಲೈಡಿನ ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿ Format Background ಆರಿಸಿ, ತಾತ್ಕಾಲಿಕವಾಗಿ ಕಡು ನೀಲಿ ಬಣ್ಣ ಕೊಡಿ. ಅಂಗಿಯಲ್ಲಿ ತೂತು ಉಳಿದಿದ್ದರೆ ಅದರ ಮೂಲಕ ನೀಲಿ ಇಣುಕುತ್ತದೆ, ಗೋಡೆಯ ತುಣುಕು ಉಳಿದಿದ್ದರೆ ಬೆಳ್ಳಗೆ ಹೊಳೆಯುತ್ತದೆ. ಚಿತ್ರವನ್ನು ಆರಿಸಿ ಮತ್ತೆ Remove Background ಒತ್ತಿದರೆ ತಿದ್ದಬಹುದು. ಸುತ್ತಲೂ ಸಣ್ಣ ಬಿಳಿ ಗೆರೆಯೊಂದು ಅಂಟಿಕೊಂಡಿದ್ದರೆ ಅದಕ್ಕೆ ಗುರುತುಗಳ ಅಗತ್ಯವಿಲ್ಲ, Picture Effects ಒಳಗಿನ Soft Edges ನಲ್ಲಿ 1 ಪಾಯಿಂಟ್ ಕೊಡಿ. ಕತ್ತರಿಸಿದ ಆಕಾರದ ಅಂಚೇ ತುಸು ಕರಗುತ್ತದೆ. ಅದಕ್ಕಿಂತ ಹೆಚ್ಚು ಕೊಟ್ಟರೆ ಬೆರಳುಗಳು, ಕಿವಿ ಸವೆದು ಹೋಗುತ್ತವೆ.

ಕೊನೆಯ ಸ್ಲೈಡಿಗೆ ಯಾವ ಬಣ್ಣ ಎಂಬುದರಲ್ಲೂ ನನಗೊಂದು ಗಟ್ಟಿ ಅಭಿಪ್ರಾಯವಿದೆ. ಬಿಳಿ ಬಟ್ಟೆಯವರ ಫೋಟೋವನ್ನು ಬಿಳಿ ಗೋಡೆಯಿಂದ ಬಿಡಿಸಿದ್ದರೆ ಕಡು ಬಣ್ಣದ ಮೇಲೆ ಕೂರಿಸಬೇಡಿ. ತಿಳಿ ಕೆನೆಬಣ್ಣ ಅಥವಾ ನಸು ಹಳದಿ ಇಡಿ. ಅಂಚಿನ ಸಣ್ಣಪುಟ್ಟ ಏರುಪೇರು ಅದರಲ್ಲಿ ಮುಳುಗುತ್ತದೆ, ಕೆಂಪು ಶಾಲು ಚೆನ್ನಾಗಿ ಎದ್ದು ಕಾಣುತ್ತದೆ. ಪಾದಗಳ ಕೆಳಗಿನ ನೆಲವೂ ಹೋಗಿರುವುದರಿಂದ ಪೂರ್ಣ ನಿಲುವಿನ ಚಿತ್ರ ಗಾಳಿಯಲ್ಲಿ ತೇಲಿದಂತಿರುತ್ತದೆ. ಮೊಣಕಾಲಿನ ಮೇಲಕ್ಕೆ ಕತ್ತರಿಸಿ ಚಿತ್ರದ ಕೆಳತುದಿಯನ್ನು ಸ್ಲೈಡಿನ ಕೆಳತುದಿಗೆ ತಾಗಿಸಿ ಇಟ್ಟರೆ ಆ ತೊಂದರೆ ಇಲ್ಲ. ಹಾಗೆ ಮಾಡುವ ಮನಸ್ಸಿದ್ದರೆ ಪಂಚೆಯ ಕೆಳಭಾಗಕ್ಕೆ ಜೋಡಿಗೆರೆ ಹಾಕುವ ಶ್ರಮವೂ ಉಳಿಯಿತು.

ಇಷ್ಟೆಲ್ಲ ಮಾಡಿದರೂ ಪಂಚೆಯ ಅಂಚು ಸಿಗದ ಫೋಟೋಗಳಿರುತ್ತವೆ. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ತೆಗೆದು ಬಟ್ಟೆ, ಗೋಡೆ ಎರಡೂ ಬೆಳ್ಳಗೆ ಒಂದಾಗಿಬಿಟ್ಟರೆ, 400 ಪ್ರತಿಶತಕ್ಕೆ ಹಿಗ್ಗಿಸಿದಾಗ ನಿಮ್ಮ ಕಣ್ಣಿಗೇ ಗಡಿ ಕಾಣದಿದ್ದರೆ, ಕಂಪ್ಯೂಟರಿಗೂ ಕಾಣುವುದಿಲ್ಲ. ಆಗ Discard All Changes ಒತ್ತಿ, ಕೈಯಲ್ಲೇ ರೇಖೆ ಬರೆಯುವ ದಾರಿ ಹಿಡಿಯಿರಿ. Insert ಟ್ಯಾಬಿನ Shapes ಒಳಗೆ Freeform: Shape ಇದೆ. ಅದರಿಂದ ಹೆಡ್‌ಮಾಸ್ಟರ ಸುತ್ತ ಒಂದೊಂದೇ ಕ್ಲಿಕ್ ಮಾಡುತ್ತ ಹೋಗಿ ಶುರುವಾದಲ್ಲಿಗೆ ತಂದು ಮುಚ್ಚಿ. ನಂತರ ಮೊದಲು ಚಿತ್ರವನ್ನು, ಆಮೇಲೆ Ctrl ಹಿಡಿದು ಆ ಆಕಾರವನ್ನು ಆರಿಸಿ, Shape Format ನಲ್ಲಿರುವ Merge Shapes ಒಳಗಿನ Intersect ಒತ್ತಿ. ಆರಿಸುವ ಕ್ರಮ ತಿರುಗುಮುರುಗಾದರೆ ಫೋಟೋ ಬದಲು ಬರೀ ಬಣ್ಣದ ಆಕಾರ ಉಳಿಯುತ್ತದೆ. ಪವರ್‌ಪಾಯಿಂಟ್ 2013ರಿಂದ ಫೋಟೋಗಳ ಮೇಲೂ ಇದು ನಡೆಯುತ್ತದೆ. ಪಂಚೆಯ ಬದಿಗಳು ಬಹುತೇಕ ನೇರವಾಗಿರುವುದರಿಂದ ಕೆಲವೇ ಕ್ಲಿಕ್‌ಗಳು ಸಾಕಾಗುತ್ತವೆ, ತಲೆಯ ಸುತ್ತ ಮಾತ್ರ ಹತ್ತಿರ ಹತ್ತಿರ ಹಾಕಬೇಕು.

ಫೈಲನ್ನು ಬೇರೆಯವರಿಗೆ ಕಳಿಸುವ ಮುನ್ನ ಒಂದು ವಿಷಯವನ್ನು ದಯವಿಟ್ಟು ಗಮನಿಸಿ. Remove Background ಹಿನ್ನೆಲೆಯನ್ನು ಕಣ್ಣಿಂದ ಮರೆಮಾಡುತ್ತದೆ, ಫೈಲಿನಿಂದ ತೆಗೆದುಹಾಕುವುದಿಲ್ಲ. ಪರೀಕ್ಷಿಸಬೇಕಿದ್ದರೆ ನಿಮ್ಮ ಪಿಪಿಟಿಎಕ್ಸ್ ಫೈಲಿನ ಒಂದು ಪ್ರತಿ ಮಾಡಿ, ಅದರ ಹೆಸರಿನ ಕೊನೆಯ .pptx ಅನ್ನು .zip ಎಂದು ಬದಲಿಸಿ ತೆರೆಯಿರಿ. ಒಳಗೆ ppt/media ಎಂಬ ಫೋಲ್ಡರಿನಲ್ಲಿ ಬಿಡಿಸಿದ ಚಿತ್ರ .png ಆಗಿ ಇರುತ್ತದೆ, ಅದರ ಪಕ್ಕದಲ್ಲೇ hdphoto1.wdp ಎಂಬಂಥ ಹೆಸರಿನ ಇನ್ನೊಂದು ಫೈಲ್ ಇರುತ್ತದೆ. ಆ ಎರಡನೆಯದರಲ್ಲಿ ಮೂಲ ಫೋಟೋ ಇಡಿಯಾಗಿ ಕೂತಿದೆ. ಹಿನ್ನೆಲೆ ತೆಗೆದ ಮೇಲೆ ಫೈಲ್ ಹಗುರವಾಗುವ ಬದಲು ಭಾರವಾಗುವುದಕ್ಕೆ ಇದೇ ಕಾರಣ. ಫೈಲ್ ಸಿಕ್ಕವರು ಯಾರಾದರೂ ಚಿತ್ರದ ಮೇಲೆ Reset Picture ಒತ್ತಿದರೆ ಗೋಡೆ, ಕಿಟಕಿ, ಜಗಲಿ ಎಲ್ಲ ಹಿಂದಿರುಗುತ್ತವೆ. ನಿಮ್ಮ ಫೋಟೋದ ಹಿನ್ನೆಲೆಯಲ್ಲಿ ಬರೀ ಗೋಡೆ ಇದ್ದರೆ ಚಿಂತೆಯಿಲ್ಲ. ಮಕ್ಕಳು ನಿಂತಿದ್ದರೆ, ಹಾಜರಾತಿ ಪುಸ್ತಕವೋ ಫೋನ್ ನಂಬರ್ ಬರೆದ ಬೋರ್ಡೋ ಇದ್ದರೆ, ಅಂಥ ಫೈಲನ್ನು ಹಳೆಯ ವಿದ್ಯಾರ್ಥಿಗಳ ಗುಂಪಿಗೆ ಹಾಕುವುದು ಸರಿಯಲ್ಲ.

ಪರಿಹಾರ ಸುಲಭ. ಬಿಡಿಸಿ ಮುಗಿಸಿದ ಚಿತ್ರವನ್ನು ಸ್ಲೈಡಿನಲ್ಲಿ ಬೇಕಾದಷ್ಟು ದೊಡ್ಡದಾಗಿಯೇ ಇಟ್ಟುಕೊಂಡು ಬಲ ಕ್ಲಿಕ್ ಮಾಡಿ, Save as Picture ಆರಿಸಿ, ಬಗೆಯನ್ನು ಪಿಎನ್‌ಜಿ ಎಂದೇ ಇಡಿ. ಜೆಪೆಗ್ ಆರಿಸಿದರೆ ಪಾರದರ್ಶಕತೆ ನಿಲ್ಲುವುದಿಲ್ಲ, ತೆಗೆದ ಜಾಗ ಮತ್ತೆ ಬಣ್ಣದಿಂದ ತುಂಬಿಕೊಳ್ಳುತ್ತದೆ. ಆಮೇಲೆ ಸ್ಲೈಡಿನಲ್ಲಿರುವ ಹಳೆಯ ಚಿತ್ರವನ್ನು ಅಳಿಸಿ, ಉಳಿಸಿದ ಪಿಎನ್‌ಜಿಯನ್ನು ಅದೇ ಜಾಗದಲ್ಲಿ ಹಾಕಿ. ಒಂದೇ ಫೋಟೋವನ್ನು ಹಲವು ಸ್ಲೈಡುಗಳಲ್ಲಿ ಬಳಸುವುದಿದ್ದರೂ ಈ ಪಿಎನ್‌ಜಿಯನ್ನೇ ಎಲ್ಲ ಕಡೆ ಬಳಸಿ. ಗುರುತುಗಳನ್ನು ಮುಂದೆ ತಿದ್ದಬೇಕಾಗಿ ಬಂದರೆ ಇರಲಿ ಎಂದು, ಹಿನ್ನೆಲೆ ತೆಗೆದ ಮೂಲ ಸ್ಲೈಡನ್ನು ನಿಮ್ಮ ಕಂಪ್ಯೂಟರಿನಲ್ಲೇ ಬೇರೆ ಫೈಲಾಗಿ ಇಟ್ಟುಕೊಳ್ಳಿ. ಪಿಎನ್‌ಜಿಯಲ್ಲಿ ಗುರುತುಗಳು ಇರುವುದಿಲ್ಲ.